ಬಿಳಿ ಯೂನಿಫಾರಂ ಜೇಬಲ್ಲಿ ಬಾಲ್ ಪೆನ್ ಸೋರಿದೆ, ತೋಳಿಗೆ ಮಾರ್ಕರ್. ಇಸ್ತ್ರಿಗೆ ಮುಂಚೆ ಏನು ಮಾಡಲಿ?

ಚಿಕ್ಮಗಳೂರು ಅಮ್ಮ (ಬುಧವಾರ, ಸಂಜೆ 6:10)

ನಮಸ್ಕಾರ, ಸ್ವಲ್ಪ ಅರ್ಜೆಂಟ್. ಮಗ ಆರನೇ ಕ್ಲಾಸು. ಇವತ್ತು ಬಿಳಿ ಡ್ರೆಸ್ ದಿನ. ಸಂಜೆ ಬಂದು ನೋಡಿದರೆ ಜೇಬಿನ ತಳದಲ್ಲಿ ನೀಲಿ ಬಾಲ್ ಪೆನ್ ಸೋರಿ ದೊಡ್ಡ ಕಲೆಯಾಗಿದೆ. ಬಲ ತೋಳಿನ ಅಂಚಲ್ಲಿ ಕಪ್ಪು ಮಾರ್ಕರ್ ಗೀಟು ಬೇರೆ. ಅದನ್ನು ಯಾರು ಎಳೆದರು ಅಂತ ಬಾಯಿ ಬಿಡುತ್ತಿಲ್ಲ.

ಶರ್ಟು ಟೆರಿಕಾಟ್. ಶನಿವಾರಕ್ಕೆ ಮತ್ತೆ ಬೇಕು, ಇರುವುದು ಇದೊಂದೇ. ಈ ಮಳೆಯಲ್ಲಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಹಾಗಾಗಿ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಹಾಕಿ, ಅರೆ ಒದ್ದೆ ಇರುವಾಗಲೇ ಇಸ್ತ್ರಿ ತಿಕ್ಕಿ ಒಣಗಿಸುವುದು ನಮ್ಮನೆ ರೂಢಿ. ಜೇಬಿನ ಒಂದು ಮೂಲೆಗೆ ನೀರು, ಸೋಪು ಹಾಕಿ ಉಜ್ಜಿ ನೋಡಿದೆ. ಕಲೆ ಹೋಗುವುದಿರಲಿ, ಸುತ್ತ ತಿಳಿನೀಲಿ ಹರಡಿತು. ಅಲ್ಲಿಗೆ ನಿಲ್ಲಿಸಿದ್ದೇನೆ.

ಬೇಲೂರು ಗೃಹಿಣಿ

ಅಯ್ಯೋ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಹ್ಯಾಂಡ್ ಸ್ಯಾನಿಟೈಸರ್ ಹಾಕಿ ಉಜ್ಜಿ, ಹೋಗುತ್ತದೆ. ನಮ್ಮ ಹುಡುಗಿ ಯೂನಿಫಾರಂಗೆ ಎಷ್ಟು ಸಲ ಮಾಡಿದ್ದೇನೆ. ಆಮೇಲೂ ಸ್ವಲ್ಪ ಉಳಿದರೆ ನಿಂಬೆಹಣ್ಣು, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ. ಬಿಸಿಲು ಇಲ್ಲ ಅಂದರೆ ಬಿಸಿನೀರಲ್ಲಿ ನೆನೆಸಿ.

ಹಾಸನ ಲಾಂಡ್ರಿ

ಬಿಸಿನೀರು ಬೇಡ, ಒಲೆ ಬೇಡ, ಇಸ್ತ್ರಿಯಂತೂ ಬೇಡವೇ ಬೇಡ. ಮೊದಲು ಇಷ್ಟು ಮಾಡಿ, ಉಳಿದದ್ದು ಆಮೇಲೆ ಮಾತಾಡೋಣ.

ಬೇಲೂರಿನ ಅಕ್ಕ ಹೇಳಿದ ಸ್ಯಾನಿಟೈಸರ್ ಸರಿ. ಅದರಲ್ಲಿ ಆಲ್ಕೋಹಾಲ್ ಇದೆ, ಬಾಲ್ ಪೆನ್ ಇಂಕು ಕರಗುವುದು ಅದಕ್ಕೇ. ಆದರೆ ಅದು ಲೋಳೆ ಥರ ಇರುತ್ತದೆ, ಬಟ್ಟೆಯೊಳಗೆ ಬೇಗ ಇಳಿಯುವುದಿಲ್ಲ. ಅದಕ್ಕಿಂತ ಮೆಡಿಕಲ್ ಶಾಪಿನಿಂದ 100 ಎಂಎಲ್ ಸರ್ಜಿಕಲ್ ಸ್ಪಿರಿಟ್ ತರಿಸಿ. ಬಣ್ಣ ಇಲ್ಲದ್ದು ನೋಡಿ ತನ್ನಿ. ನಿಂಬೆ, ಉಪ್ಪು ತುಕ್ಕಿನ ಕಲೆಗೆ ಆಗುತ್ತದೆ. ಬಾಲ್ ಪೆನ್ನಿಗೆ ಅದರಿಂದ ಏನೂ ಆಗುವುದಿಲ್ಲ.

ಬಾಲ್ ಪೆನ್ ಇಂಕು ಎಣ್ಣೆ ಥರದ ಗಟ್ಟಿ ಲೇಪ. ನೀರಲ್ಲಿ ಕರಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ನಿಮ್ಮ ಕಲೆ ಹರಡಿದ್ದು ಅದಕ್ಕೇ. ಬಿಸಿ ತಾಗಿದರೆ ಇನ್ನೊಂದು ಕಷ್ಟ. ಟೆರಿಕಾಟಿನಲ್ಲಿ ಪಾಲಿಯೆಸ್ಟರ್ ನೂಲು ಇರುತ್ತದೆ, ಬಿಸಿಗೆ ಅದು ಸಡಿಲವಾಗಿ ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲೆ ಬಣ್ಣ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮ ಅಂಗಡಿಗೆ ಬರುವ ಹೋಗದ ಕಲೆಗಳಲ್ಲಿ ಜಾಸ್ತಿ, ಮನೆಯಲ್ಲಿ ಒಂದು ಸಲ ಇಸ್ತ್ರಿ ಆಗಿ ಬಂದವೇ.

ಎರಡು ಪ್ರಶ್ನೆ. ಈಗ ಜೇಬು ಒದ್ದೆ ಇದೆಯಾ? ಮಾರ್ಕರ್ ಅಂದರೆ ಸ್ಕೆಚ್ ಪೆನ್ನಾ, ಬೋರ್ಡಿನದ್ದಾ, ಪಾರ್ಸೆಲ್ ಮೇಲೆ ಬರೆಯುತ್ತಾರಲ್ಲ ಆ ಪರ್ಮನೆಂಟಾ?

ಮೂಡಿಗೆರೆ ತೋಟ

ನಮ್ಮ ಕಡೆ ಪೆನ್ ಕಲೆ ಕಮ್ಮಿ, ಹಲಸಿನ ಮೇಣ ಜಾಸ್ತಿ. ಮಕ್ಕಳು ಸ್ಕೂಲಿಂದ ಬಂದವರೇ ಯೂನಿಫಾರಂ ಬಿಚ್ಚದೆ ಹಲಸಿನ ಮರ ಹತ್ತುತ್ತಾರೆ. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತೆಗೆಯುತ್ತೇವೆ. ಪೆನ್ ಇಂಕೂ ಎಣ್ಣೆ ಥರ ಅಂತೀರಿ, ಹಾಗಾದರೆ ಇದಕ್ಕೂ ಕೊಬ್ಬರಿ ಎಣ್ಣೆ ಆಗುತ್ತಲ್ವಾ?

ಹಾಸನ ಲಾಂಡ್ರಿ

ಮೇಣಕ್ಕೆ ಸರಿ ಸರ್. ಇದಕ್ಕೆ ಹಚ್ಚಿದರೆ ಎಣ್ಣೆ ಕಲೆ ಒಂದು, ಇಂಕಿನ ಕಲೆ ಒಂದು, ಎರಡೂ ತೆಗೆಯಬೇಕಾಗುತ್ತದೆ.

ಚಿಕ್ಮಗಳೂರು ಅಮ್ಮ

ಉಜ್ಜಿದ ಮೂಲೆ ಒದ್ದೆ ಇದೆ, ಉಳಿದದ್ದು ಒಣಗಿದೆ. ಮಾರ್ಕರ್ ಯಾವುದು ಅಂತ ಗೊತ್ತಿಲ್ಲ. ಅವನನ್ನು ಕೇಳಿದರೆ "ಕಪ್ಪುದು" ಅನ್ನುತ್ತಾನೆ. ಯಜಮಾನರು ಸ್ಪಿರಿಟ್ ತರಲು ಹೋಗಿದ್ದಾರೆ.

ಹಾಸನ ಲಾಂಡ್ರಿ

ಮಾರ್ಕರ್ ಯಾವುದು ಅಂತ ಬಟ್ಟೆಯೇ ಹೇಳುತ್ತದೆ. ಹತ್ತಿಯನ್ನು ತಣ್ಣೀರಲ್ಲಿ ಅದ್ದಿ ಗೀಟಿನ ತುದಿಗೆ ಒತ್ತಿ ಹಿಡಿಯಿರಿ. ಹತ್ತಿಗೆ ಬಣ್ಣ ಬಂದರೆ ಸ್ಕೆಚ್ ಪೆನ್. ತಣ್ಣೀರು, ಸೋಪಿಗೆ ಹೋಗುತ್ತದೆ, ಅದಕ್ಕೆ ಸ್ಪಿರಿಟ್ ಸುಮ್ನೆ ದಂಡ. ನೀರಿಗೆ ಬರದೆ ಸ್ಪಿರಿಟ್ ಅದ್ದಿದ ಹತ್ತಿಗೆ ಬಂದರೆ ಪರ್ಮನೆಂಟ್ ಅಥವಾ ಬೋರ್ಡಿನದ್ದು. ಎರಡಕ್ಕೂ ಬರಲಿಲ್ಲ ಅಂದರೆ ಅದರಲ್ಲಿ ಕಪ್ಪು ಪುಡಿ ಇದೆ ಅಂತ ಲೆಕ್ಕ. ಆಗ ಪೂರ್ತಿ ಹೋಗುವ ಆಸೆ ಕಮ್ಮಿ.

ಈಗ ಜೇಬು. ಒದ್ದೆ ಮೂಲೆಯನ್ನು ಒಣ ಟವೆಲ್ಲಿನಿಂದ ಒತ್ತಿ, ಫ್ಯಾನ್ ಕೆಳಗೆ ಆರಲು ಬಿಡಿ. ಒದ್ದೆ ಬಟ್ಟೆಗೆ ಸ್ಪಿರಿಟ್ ಬಿದ್ದರೆ ನೀರು ಬೆರೆತು ಅದರ ಶಕ್ತಿ ಹೋಗುತ್ತದೆ.

ಆಮೇಲೆ ಜೇಬನ್ನು ಒಳಗಿನಿಂದ ಹೊರಗೆ ಮಗುಚಿ. ತಳದ ಹೊಲಿಗೆಯಲ್ಲಿ ಧೂಳು, ಪೆನ್ಸಿಲ್ ಪುಡಿ ಎಲ್ಲ ಸೇರಿ ಇಂಕಿನ ಮುದ್ದೆ ಕೂತಿರುತ್ತದೆ. ಅದನ್ನು ಟಿಶ್ಯೂ ಪೇಪರಿನಲ್ಲಿ ಚಿವುಟಿ ತೆಗೆಯಿರಿ, ಉಜ್ಜಬೇಡಿ. ಬಹಳ ಜನ ಇದನ್ನು ಬಿಡುತ್ತಾರೆ. ಮೇಲಿನ ಕಲೆ ತೆಗೆದು ನೀರಿಗೆ ಹಾಕಿದಾಗ ಆ ಮುದ್ದೆ ಬಿಟ್ಟುಕೊಂಡು ಮತ್ತೆ ಶರ್ಟಿಗೆಲ್ಲ ಹಿಡಿಯುತ್ತದೆ.

ಜೇಬಲ್ಲಿ ಕಲೆ ಎರಡು ಪದರದಲ್ಲಿ ಇರುತ್ತದೆ, ಜೇಬಿನ ಬಟ್ಟೆ ಮತ್ತು ಅದರ ಹಿಂದಿನ ಶರ್ಟು. ಒಟ್ಟಿಗೆ ಮಾಡಿದರೆ ಒಂದರಿಂದ ಬಿಟ್ಟದ್ದು ಇನ್ನೊಂದಕ್ಕೆ ಹೋಗುತ್ತದೆ. ಒಂದೊಂದೇ ಪದರ ಮಾಡಿ. ನಡುವೆ ಹಳೆಯ ಬಿಳಿ ಪಂಚೆ ಚೂರನ್ನು ನಾಲ್ಕು ಮಡಿಕೆ ಮಾಡಿ ತೂರಿಸಿ. ಕಲೆಯ ಮುಖ ಪಂಚೆಗೆ ತಾಗಬೇಕು. ಹಿಂಬದಿಯಿಂದ ಐದಾರು ಹನಿ ಸ್ಪಿರಿಟ್ ಬಿಟ್ಟು, ಹತ್ತಿಯಲ್ಲಿ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಇಂಕು ಕೆಳಗಿನ ಪಂಚೆಗೆ ಇಳಿಯುತ್ತದೆ. ಪ್ರತಿ ಸಲ ಪಂಚೆಯ ಹೊಸ ಜಾಗ ಕೊಡಿ. ಎಂಟು ಹತ್ತು ಸಲ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ. ಪಂಚೆಗೆ ಬಣ್ಣ ಇಳಿಯುವುದು ನಿಂತಾಗ ನಿಲ್ಲಿಸಿ.

ಶುರು ಮಾಡುವ ಮುಂಚೆ ಒಳ ಹೊಲಿಗೆಗೆ ಒಂದು ಹನಿ ಹಾಕಿ ನೋಡಿ. ಸ್ಕೂಲಿನ ಬ್ಯಾಡ್ಜ್ ಪ್ರಿಂಟ್ ಆಗಿದ್ದರೆ ಅದರ ಹತ್ತಿರ ಸ್ಪಿರಿಟ್ ಹೋಗಬಾರದು. ಬಚ್ಚಲ ಒಲೆ ಇರುವ ಕಡೆ ಈ ಕೆಲಸ ಮಾಡಬೇಡಿ, ದೇವರ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೂ ದೂರ ಇರಿ. ಸ್ಪಿರಿಟ್ ಹತ್ತಿಕೊಳ್ಳುವುದು ಗೊತ್ತೇ ಆಗುವುದಿಲ್ಲ. ಕಿಟಕಿ ತೆಗೆದಿಡಿ.

ಬೇಲೂರು ಗೃಹಿಣಿ

ನೇಲ್ ಪಾಲಿಶ್ ರಿಮೂವರ್ ಇದ್ದರೆ ಇನ್ನೂ ಬೇಗ ಅಲ್ವಾ? ನಾನು ಮಾಡಿದ್ದೇನೆ, ಬಟ್ಟೆಗೆ ಏನೂ ಆಗಲಿಲ್ಲ.

ಹಾಸನ ಲಾಂಡ್ರಿ

ಟೆರಿಕಾಟಿಗೆ ಆಗುವುದಿಲ್ಲ ನಿಜ. ಅಸಿಟೋನ್ ಇರುವ ರಿಮೂವರ್ ಆದರೆ ಗುಂಡಿಗಳ ಹೊಳಪು ಹೋಗಬಹುದು, ಪ್ರಿಂಟ್ ಬ್ಯಾಡ್ಜ್ ಕರಗಬಹುದು. ಅಸಿಟೋನ್ ಇಲ್ಲದ್ದೂ ಬರುತ್ತದೆ, ಕೆಲವಕ್ಕೆ ಬಣ್ಣ ಬೇರೆ ಹಾಕಿರುತ್ತಾರೆ. ನಾನು ಮೊದಲು ಕೈಗೆತ್ತಿಕೊಳ್ಳುವುದು ಸ್ಪಿರಿಟನ್ನೇ.

ಸಕಲೇಶಪುರ ಮೇಷ್ಟ್ರು

ನಮ್ಮ ಕಾಲದಲ್ಲಿ ಇಂಕಿನ ಕಲೆಗೆ ಹಾಲಲ್ಲಿ ನೆನೆಸುತ್ತಿದ್ದರು. ನನ್ನ ತಾಯಿ ರಾತ್ರಿ ನೆನೆಸಿ ಬೆಳಿಗ್ಗೆ ಒಗೆದರೆ ಕಲೆಯೇ ಇರುತ್ತಿರಲಿಲ್ಲ. ಇಷ್ಟೆಲ್ಲ ಸ್ಪಿರಿಟ್ ಯಾಕೆ?

ಹಾಸನ ಲಾಂಡ್ರಿ

ಮೇಷ್ಟ್ರೇ, ಅದು ಮಸಿಕುಡಿಕೆ ಕಾಲದ ಇಂಕು. ಫೌಂಟನ್ ಪೆನ್ನಿನ ಇಂಕು ನೀರಿನದ್ದು, ರಾತ್ರಿಯಿಡೀ ನೆನೆದರೆ ತಣ್ಣೀರಿಗೂ ಎಷ್ಟೋ ಬಿಡುತ್ತಿತ್ತು. ಹಾಲು ಹೆಸರು ತಗೊಂಡಿತು ಅನಿಸುತ್ತದೆ. ಬಾಲ್ ಪೆನ್ನಿಗೆ ಹಾಲು ಹಾಕಿದರೆ ಈ ಥಂಡಿಯಲ್ಲಿ ಒಣಗದೆ ವಾಸನೆ ಬರುತ್ತದೆ.

ಸಕಲೇಶಪುರ ಮೇಷ್ಟ್ರು

ಇರಬಹುದು. ಆದರೂ ನಮ್ಮ ತಾಯಿಯ ಹಾಲನ್ನು ನಾನು ಬಿಟ್ಟುಕೊಡುವುದಿಲ್ಲ.

ಚಿಕ್ಮಗಳೂರು ಅಮ್ಮ (ರಾತ್ರಿ 9:45)

ಜೇಬಿನ ಹೊಲಿಗೆಯಿಂದ ಮುದ್ದೆ ನಿಜವಾಗಲೂ ಬಂತು! ಕಡಲೆಕಾಳಿನಷ್ಟು ದಪ್ಪ. ಹೊರ ಪದರಕ್ಕೆ ಒಂಬತ್ತು ಸಲ, ಒಳಗಿನದಕ್ಕೆ ಆರು ಸಲ ಸ್ಪಿರಿಟ್ ಬಿಟ್ಟೆ. ನೀಲಿ ಎಲ್ಲ ಪಂಚೆಗೆ ಇಳಿಯಿತು. ಆದರೆ ಈಗ ಕಲೆಯ ಜಾಗದಲ್ಲಿ ತೆಳುವಾಗಿ ನೇರಳೆ ಕಾಣುತ್ತಿದೆ. ಸುತ್ತ ಒಂದು ಉಂಗುರ ಬೇರೆ. ಏನಾದರೂ ಕೆಡಿಸಿಕೊಂಡೆನಾ?

ತೋಳಿನ ಗೀಟು ನೀರಿಗೆ ಬರಲಿಲ್ಲ, ಸ್ಪಿರಿಟ್‌ಗೆ ಬಂತು.

ಹಾಸನ ಲಾಂಡ್ರಿ

ಕೆಡಿಸಿಲ್ಲ. ನೀಲಿ ಬಾಲ್ ಪೆನ್ನಿನಲ್ಲಿ ಒಂದೇ ಬಣ್ಣ ಇರುವುದಿಲ್ಲ, ನೇರಳೆಯೂ ಸೇರಿರುತ್ತದೆ. ನಿಮ್ಮದರಲ್ಲಿ ನೀಲಿ ಮೊದಲು ಹೋಗಿ ನೇರಳೆ ಹಿಂದೆ ಉಳಿದಿದೆ. ಉಂಗುರ ಅಂದರೆ ಸ್ಪಿರಿಟ್ ಹೊರಗೆ ಹರಿದು ಅಲ್ಲಿ ಆರಿದೆ. ಉಂಗುರದ ಆಚೆಯಿಂದ ಶುರು ಮಾಡಿ ಒಳಗೆ ಒತ್ತುತ್ತಾ ಬನ್ನಿ, ಕೂಡುತ್ತದೆ.

ಇನ್ನೆರಡು ಸಲ ಸ್ಪಿರಿಟ್ ಮಾಡಿ, ಅದು ಪೂರ್ತಿ ಆರುವ ಮುಂಚೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಚ್ಚಿ. ಐದು ನಿಮಿಷ ಬೆರಳಿನಿಂದ ಮೆಲ್ಲಗೆ ಆಡಿಸಿ. ಹರಿಯುವ ತಣ್ಣೀರನ್ನು ಹಿಂಬದಿಯಿಂದ ಬಿಡಿ. ಬಕೆಟ್ಟಿನಲ್ಲಿ ಅದ್ದಿಡಬೇಡಿ, ಬಿಟ್ಟ ಬಣ್ಣ ಮತ್ತೆ ಹಿಡಿಯುತ್ತದೆ. ಮೊದಲ ಒಗೆತ ಒಂಟಿಯಾಗಿ, ಬೇರೆ ಬಟ್ಟೆ ಜತೆ ಬೇಡ.

ಆಮೇಲೆ ಫ್ಯಾನ್ ಗಾಳಿಗೆ ಒಣಗಿಸಿ. ಒದ್ದೆ ಇರುವಾಗ ಕಲೆ ಸರಿಯಾಗಿ ತಿಳಿಯುವುದಿಲ್ಲ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ. ನೇರಳೆ ಉಳಿದಿದ್ದರೆ ಮತ್ತೆ ಸ್ಪಿರಿಟ್. ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಇಸ್ತ್ರಿ.

ಮೂಡಿಗೆರೆ ತೋಟ

ಬ್ಲೀಚಿಂಗ್ ಪೌಡರ್ ಹಾಕಿಬಿಟ್ಟರೆ ಒಂದೇ ಏಟಿಗೆ ಆಗಲ್ವಾ? ಬಿಳಿ ಶರ್ಟು ತಾನೇ.

ಹಾಸನ ಲಾಂಡ್ರಿ

ಬ್ಯಾಡ್ಜಿನ ಬಣ್ಣ ಹೋಗುತ್ತದೆ, ನೂಲು ಸವೆಯುತ್ತದೆ. ಇದನ್ನು ಹಾಕಿ ಹೋಗದಿದ್ದಾಗ ಜನ ಟಾಯ್ಲೆಟ್ ಕ್ಲೀನರ್ ಬೆರೆಸಲು ಹೋಗುತ್ತಾರೆ. ಅವೆರಡು ಸೇರಿದರೆ ಬರುವ ಗ್ಯಾಸು ಉಸಿರು ಕಟ್ಟಿಸುತ್ತದೆ. ದಯವಿಟ್ಟು ಬೇಡ.

ಚಿಕ್ಮಗಳೂರು ಅಮ್ಮ (ಶುಕ್ರವಾರ, ಬೆಳಿಗ್ಗೆ 8:20)

ನಿನ್ನೆ ಹಗಲೆಲ್ಲ ಫ್ಯಾನ್ ಕೆಳಗೆ ಹಾಕಿದ್ದೆ. ಕಿಟಕಿ ಹತ್ತಿರ ಹಿಡಿದು ನೋಡಿದಾಗ ನೇರಳೆ ಇನ್ನೂ ಸ್ವಲ್ಪ ಇತ್ತು. ರಾತ್ರಿ ಮತ್ತೆ ಮೂರು ಸಲ ಸ್ಪಿರಿಟ್, ಲಿಕ್ವಿಡ್. ಈಗ ಜೇಬು ಬೆಳ್ಳಗಿದೆ. ಹೊಲಿಗೆ ದಾರದಲ್ಲಿ ಮಾತ್ರ ಕೂದಲೆಳೆಯಷ್ಟು ನೀಲಿ. ಅದು ನನಗೆ ಬಿಟ್ಟರೆ ಯಾರಿಗೂ ಕಾಣದು.

ತೋಳಿನದ್ದು ಹಾಗಲ್ಲ. ಕಪ್ಪು ಹೋಯಿತು, ಬೂದು ನೆರಳು ಉಳಿದಿದೆ. ಏಳೆಂಟು ಸಲ ಮಾಡಿದರೂ ಪಂಚೆಗೆ ಏನೂ ಇಳಿಯುತ್ತಿಲ್ಲ.

ಹಾಸನ ಲಾಂಡ್ರಿ

ದಾರದ್ದು ಬಿಡಿ. ತೋಳಿನದ್ದೂ ಅಲ್ಲಿಗೆ ನಿಲ್ಲಿಸಿ. ಕರಗುವ ಬಣ್ಣ ಹೋಗಿದೆ, ಕರಗದ ಪುಡಿ ನೂಲಿನ ಸಂದಿಯಲ್ಲಿ ಕೂತಿದೆ. ಇನ್ನು ಸ್ಪಿರಿಟ್ ಹಾಕಿ ತಿಕ್ಕಿದರೆ ಬಟ್ಟೆ ಜುಂಗು ಬರುತ್ತದೆ. ಪ್ರತಿ ಒಗೆತದಲ್ಲಿ ಆ ಜಾಗಕ್ಕೆ ಸೋಪು ಹಚ್ಚಿ ಮೆತ್ತನೆ ಬ್ರಶ್ ಆಡಿಸಿ. ಸ್ವಲ್ಪ ಸ್ವಲ್ಪ ತಿಳಿಯಾಗಬಹುದು. ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ.

ಬೇಲೂರು ಗೃಹಿಣಿ

ತೋಳನ್ನು ಒಂದು ಮಡಿಕೆ ಒಳಗೆ ಹೊಲಿಸಿಬಿಡಿ ಅಕ್ಕ. ಟೈಲರ್ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಲಾಂಡ್ರಿಯವರೇ, ನನ್ನದೊಂದು. ಮಗಳ ಪಿನಾಫೋರ್ ಮೇಲೆ ಜೆಲ್ ಪೆನ್ ಕಲೆ ಇದೆ, ಕಪ್ಪು. ನೀರಿಗೂ ಬರಲಿಲ್ಲ, ಸ್ಯಾನಿಟೈಸರ್‌ಗೂ ಬರಲಿಲ್ಲ. ಈಗಾಗಲೇ ಎರಡು ಸಲ ಇಸ್ತ್ರಿ ಆಗಿದೆ.

ಹಾಸನ ಲಾಂಡ್ರಿ

ಇಸ್ತ್ರಿ ಆದದ್ದು ಬೇರೆ, ಪುಡಿ ಇರುವ ಜೆಲ್ ಬೇರೆ. ಎರಡೂ ಸೇರಿದ್ದರೆ ಕಷ್ಟ. ಪಿನಾಫೋರ್ ಯಾವ ಬಣ್ಣ? ಹಗಲಲ್ಲಿ ಒಂದು ಫೋಟೋ ತೆಗೆದು ಹಾಕಿ, ನೋಡೋಣ.

ಚಿಕ್ಮಗಳೂರು ಅಮ್ಮ (ಶುಕ್ರವಾರ, ರಾತ್ರಿ 8:05)

ಇಸ್ತ್ರಿ ಮುಗಿಸಿ ಶರ್ಟನ್ನು ಹ್ಯಾಂಗರಿಗೆ ಹಾಕಿದೆ. ಈಗ ಸ್ಕೂಲಿನ ಗ್ರೂಪಿನಲ್ಲಿ ಮೆಸೇಜ್ ಬಂತು. ನಾಳೆ ಮಳೆ ರಜೆ.