ಸಹಾಯ ಬೇಕು: ಫಿನೈಲ್ ಕಾಲಮ್‌ಗೆ ಆರಂಭದ ಲವಣ ಎಷ್ಟಿರಬೇಕು?

ಎಲ್ಲರಿಗೂ ನಮಸ್ಕಾರ. ಇ. ಕೊಲೈಯಲ್ಲಿ ಬೆಳೆಸಿದ ಹಸಿರು ಪ್ರತಿದೀಪ್ತ ಪ್ರೋಟೀನನ್ನು 5 ಮಿ.ಲೀ. ಫಿನೈಲ್ ಕಾಲಮ್‌ನಲ್ಲಿ ಶುದ್ಧೀಕರಿಸುತ್ತಿದ್ದೇನೆ, pH 7.5ರ ಟ್ರಿಸ್ ಬಫರಿನಲ್ಲಿ ಅಮೋನಿಯಂ ಸಲ್ಫೇಟ್ ಬಳಸುತ್ತಿದ್ದೇನೆ.

ಮೊದಲು ಸಣ್ಣ ಟ್ಯೂಬುಗಳಲ್ಲಿ 0.8ರಿಂದ 1.6 ಮೋಲಾರ್‌ವರೆಗೆ ಲವಣ ಹಾಕಿ ಅರ್ಧ ಗಂಟೆ ಇಟ್ಟು ನೋಡಿದೆ. 1.2ರವರೆಗೆ ದ್ರಾವಣ ತಿಳಿಯಾಗಿಯೇ ಇತ್ತು, 1.4ರಲ್ಲಿ ಮಜ್ಜಿಗೆಯ ತಿಳಿಯಂತೆ ಮಬ್ಬಾಯಿತು, 1.6ರಲ್ಲಿ ತಳದಲ್ಲಿ ಗಷ್ಟು ಕೂತಿತು. ಕಾಲಮ್‌ನೊಳಗೆ ಹೀಗಾದರೆ ಒತ್ತಡ ಏರುತ್ತದೆಂಬ ಭಯದಿಂದ, ಕಾಲಮ್ಮನ್ನೂ ಮಾದರಿಯನ್ನೂ 1.0 ಮೋಲಾರ್‌ಗೆ ಹೊಂದಿಸಿ ಹಾಕಿದೆ. ಆದರೆ ಮೇಲ್ಭಾಗದಲ್ಲಿ ಬಿಗಿಯಾಗಿ ನಿಲ್ಲಬೇಕಿದ್ದ ಹಸಿರು ಪಟ್ಟಿ ನಿಧಾನವಾಗಿ ಕೆಳಗಿಳಿದು, ಸುಮಾರು ಮೂರನೇ ಒಂದು ಪಾಲು ತೊಳೆಯುವಾಗಲೇ ಹೊರಬಂತು. ಉಳಿದದ್ದು 1.0ರಿಂದ ಸೊನ್ನೆಗೆ 10 ಕಾಲಮ್ ಗಾತ್ರಗಳಲ್ಲಿ ಲವಣ ಇಳಿಸಿದಾಗ ಅಗಲವಾದ ಶಿಖರವಾಗಿ, ಬೇರೆ ಪ್ರೋಟೀನುಗಳೊಂದಿಗೆ ಬೆರೆತು ಬಂತು.

ಟ್ಯೂಬಿನ ಪರೀಕ್ಷೆಯನ್ನು ಕೋಣೆಯ ಉಷ್ಣತೆಯಲ್ಲಿ ಮಾಡಿ, ಕಾಲಮ್ಮನ್ನು 4 ಡಿಗ್ರಿಯ ಶೀತಕೋಣೆಯಲ್ಲಿ ಓಡಿಸಿದೆನೆಂಬುದು ಆಮೇಲೆ ಹೊಳೆಯಿತು (ನನ್ನದೇ ಅಜಾಗ್ರತೆ). ಜಲವಿಕರ್ಷಕ ಬಂಧ ತಂಪಿನಲ್ಲಿ ಸಡಿಲಾಗುವುದರಿಂದ ಸೋರಿಕೆಗೆ ಇದೂ ಕಾರಣವಿರಬಹುದು.

ಈಗ ಕೋಣೆಯ ಉಷ್ಣತೆಯಲ್ಲೇ 1.2 ಮೋಲಾರ್‌ನಿಂದ ಆರಂಭಿಸಿ, ಇಳಿಕೆಯನ್ನು 20 ಕಾಲಮ್ ಗಾತ್ರಗಳಿಗೆ ಹಿಗ್ಗಿಸಬೇಕೆಂದಿದ್ದೇನೆ. ಮಬ್ಬಾಗುವ ಗಡಿಗೆ 1.2 ತೀರಾ ಹತ್ತಿರವಾಯಿತೇ? ಅಥವಾ 1.4ರಲ್ಲಿ ಮಬ್ಬಾದದ್ದನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆದು, ತಿಳಿಯನ್ನು ಹಾಕುವುದು ಮೇಲೇ? ಇದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ.