ಅಪ್‌ಡೇಟ್: ಹೈ-ಲೋ ವಿಧಾನಕ್ಕೆ ಯಾವ ತಿಂಗಳನ್ನು ಆರಿಸಬೇಕು?

ನನ್ನ ಪ್ರಶ್ನೆ: ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ತಿಂಗಳನ್ನು ಹೋಲಿಸಿ, ವೆಚ್ಚದಲ್ಲಿ ಸ್ಥಿರ ಪಾಲೆಷ್ಟು, ಗಂಟೆಗಳೊಂದಿಗೆ ಬದಲಾಗುವ ಪಾಲೆಷ್ಟು ಎಂದು ಬಿಡಿಸುವುದೇ ಹೈ-ಲೋ ವಿಧಾನ. ಆದರೆ ನಿರ್ವಹಣಾ ವೆಚ್ಚ ಅತಿ ಹೆಚ್ಚಾಗಿರುವುದು ಒಂದು ತಿಂಗಳಲ್ಲಿ, ಯಂತ್ರ ಗಂಟೆಗಳು ಅತಿ ಹೆಚ್ಚಾಗಿರುವುದು ಇನ್ನೊಂದರಲ್ಲಿ. ‘ಹೈ’ ಯಾವುದು?

ಅಪ್‌ಡೇಟ್: ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಗಂಟೆಗಳನ್ನು ನೋಡಿಯೇ ಆರಿಸಬೇಕು ಎಂದಿರಿ. ಎರಡೂ ರೀತಿ ಲೆಕ್ಕ ಹಾಕಿ ನೋಡಿದೆ.

ಅತಿ ಕಡಿಮೆ 4,000 ಗಂಟೆಗೆ ವೆಚ್ಚ 58,000; ಅತಿ ಹೆಚ್ಚು 9,000 ಗಂಟೆಗೆ 98,000. ಹೆಚ್ಚಿದ 5,000 ಗಂಟೆಗೆ ವೆಚ್ಚ 40,000 ಏರಿದೆ, ಅಂದರೆ ಗಂಟೆಗೆ 8. 58,000ದಲ್ಲಿ ಬದಲಾಗುವ ಪಾಲು 32,000 ಕಳೆದರೆ ಸ್ಥಿರ ವೆಚ್ಚ 26,000. 9,000 ಗಂಟೆಯ ಕಡೆಯಿಂದ ಕಳೆದರೂ ಅಷ್ಟೇ ಬರುತ್ತದೆ.

ತಕರಾರಿನ ತಿಂಗಳಲ್ಲಿ 8,000 ಗಂಟೆಗೇ 1,04,000 ಖರ್ಚಾಗಿತ್ತು. ಅದನ್ನು ‘ಹೈ’ ಎಂದುಕೊಂಡರೆ ಗಂಟೆಗೆ 11.50, ಸ್ಥಿರ ವೆಚ್ಚ ಬರೀ 12,000. ಲೆಕ್ಕದಲ್ಲಿ ಸೇರದೆ ಉಳಿದಿದ್ದ 6,500 ಗಂಟೆಯ ತಿಂಗಳಿಗೆ ಎರಡನ್ನೂ ಹಚ್ಚಿದೆ: ಮೊದಲನೆಯದು 78,000 ಎಂದಿತು, ಎರಡನೆಯದು 86,750. ನಿಜವಾದ ವೆಚ್ಚ 77,500! ಆ ದುಬಾರಿ ತಿಂಗಳ ಬಿಲ್ಲುಗಳಲ್ಲಿ ಒಂದು ದೊಡ್ಡ ರಿಪೇರಿ ಅಡಗಿತ್ತು. ಅದಕ್ಕೂ ಗಂಟೆಗಳಿಗೂ ಸಂಬಂಧವೇ ಇರಲಿಲ್ಲ. (ಅದೇ ರಿಪೇರಿ 9,000 ಗಂಟೆಯ ತಿಂಗಳಲ್ಲಿ ಬಂದಿದ್ದರೆ ಆ ತಿಂಗಳನ್ನೇ ಕೈಬಿಡಬೇಕಾಗುತ್ತಿತ್ತು. ಎರಡೇ ಬಿಂದುಗಳನ್ನು ನಂಬುವ ವಿಧಾನದ ದೌರ್ಬಲ್ಯ ಇದು.)

ಹೊಂದಿಕೊಳ್ಳುವ ಬಜೆಟ್‌ನಲ್ಲಿ ಈಗ 5,000 ಗಂಟೆಗೆ 66,000, 7,000 ಗಂಟೆಗೆ 82,000 ಬರೆದಿದ್ದೇನೆ. 10,000ದ ಕಾಲಂ ಮಾತ್ರ ಖಾಲಿ: ಅಲ್ಲಿ ಎರಡನೇ ಪಾಳಿಗೆ ಹೊಸ ಮೇಲ್ವಿಚಾರಕರು ಬೇಕು, 26,000 ಸ್ಥಿರವಾಗಿ ಉಳಿಯುವುದಿಲ್ಲ. ಅವರ ಸಂಬಳ ಗೊತ್ತಾದ ಮೇಲೆ ತುಂಬುತ್ತೇನೆ.