ಅಪ್‌ಡೇಟ್: ಮ್ಯಾನೇಜರ್ ಮೇಲಿನವರಿಗೆ ಮೇಲ್ ಕಳಿಸಿದೆ

ನಾನು ಕೇಳಿದ್ದು: "ಟೂರ್ ಬಿಲ್ 2 ತಿಂಗಳಿಂದ ಪಾಸಾಗಿಲ್ಲ. ಮ್ಯಾನೇಜರ್ ಮೇಲಿನವರಿಗೆ ಚಾಡಿ ಅನ್ನಿಸದ ಹಾಗೆ ಹೇಗೆ ಬರೆಯಲಿ?"

ಮೊದಲು "ಸರ್ ನನ್ನ ಬಿಲ್ ನೋಡುತ್ತಲೇ ಇಲ್ಲ" ಅಂತ ಬರೆದಿದ್ದೆ. ಅವರು ನೋಡಿದ್ದಾರೋ ಇಲ್ಲವೋ ನನಗೇನು ಗೊತ್ತು, ಅಲ್ವಾ? ಅಳಿಸಿದೆ. ಉದ್ಯಮಬಾಗದ ಚಹಾದಂಗಡಿಯಲ್ಲಿ ಕೂತು ಹೀಗೆ ಬರೆದೆ:

"ಜೂನ್ 4ಕ್ಕೆ ಬಿಲ್ ಕೊಟ್ಟೆ. ಜೂನ್ 20, ಜುಲೈ 11ಕ್ಕೆ ಮೇಲ್ ಮಾಡಿದೆ. ಆಗಸ್ಟ್ 2ಕ್ಕೆ ಕೇಳಿದಾಗ ಮ್ಯಾನೇಜರ್ ಸರ್, ಅಕೌಂಟ್ಸ್‌ಗೆ ಕಳಿಸಿದ್ದೇನೆ ಎಂದರು. ಅಕೌಂಟ್ಸ್‌ನವರು ಬಂದಿಲ್ಲ ಎಂದರು. ₹14,600 ಬಾಕಿ ಇದೆ. ಬಿಲ್ ಎಲ್ಲಿ ನಿಂತಿದೆ ಅಂತ ಶುಕ್ರವಾರದೊಳಗೆ ತಿಳಿಸಬಹುದೇ?"

ಹಳೆ ಮೇಲ್‌ಗಳನ್ನು ಲಗತ್ತಿಸಿದೆ. ಮ್ಯಾನೇಜರ್‌ಗೆ ಮೊದಲೇ ಹೇಳಿ, ಸಿಸಿಯಲ್ಲೂ ಇಟ್ಟೆ. ಮರುದಿನವೇ ಉತ್ತರ ಬಂತು. ಬಿಲ್ ನಮ್ಮ ಬೆಳಗಾವಿ ಬದಲು ಹುಬ್ಬಳ್ಳಿ ಆಫೀಸಿನ ಲಾಗಿನ್‌ಗೆ ಹೋಗಿ ಕೂತಿತ್ತಂತೆ! ಸುಮ್ನೆ ಸರ್ ಮೇಲೆ ಗೂಬೆ ಕೂರಿಸುತ್ತಿದ್ದೆ. ದುಡ್ಡು ಮಾತ್ರ ಇನ್ನೂ ಬಂದಿಲ್ಲ.